ಪ್ರಾಕ್ಸಿ ಹೇಳುವವನ ಹಾಜರಿ: 8 ನಿಮಿಷದ ಕಾಲೇಜು ಸ್ಕಿಟ್ ಬರೆಯುವ ಬಗೆ

ಕಾಲೇಜ್ ಡೇಗೆ ಸ್ಕಿಟ್ ಬರೆಯಲು ಕೂತವರು ಮೊದಲು ಜೋಕುಗಳನ್ನು ಕಲೆಹಾಕುತ್ತಾರೆ, ಆಮೇಲೆ ಅವನ್ನೆಲ್ಲ ಪೋಣಿಸಲು ಒಂದು ಕಥೆ ಹುಡುಕುತ್ತಾರೆ. ಹಾಗೆ ಬರೆದ ಸ್ಕಿಟ್ ಮೂರನೇ ನಿಮಿಷಕ್ಕೆ ಸುಸ್ತಾಗುತ್ತದೆ. ಪ್ರತಿ ಜೋಕಿಗೂ ಹೊಸದಾಗಿ ಪೀಠಿಕೆ ಹಾಕಬೇಕು, ಪ್ರತಿ ಸಲವೂ ಸಭೆ ಮೊದಲಿನಿಂದ ಕೇಳಿಸಿಕೊಳ್ಳಬೇಕು. ಒಂದೇ ಒಂದು ವಿಚಿತ್ರ ಸಂಗತಿಯನ್ನು ಹಿಡಿದು ಅದನ್ನೇ ಕೊನೆಯವರೆಗೆ ಬೆಳೆಸಿದರೆ ಆ ತೊಂದರೆ ಇಲ್ಲ. ಮೊದಲ ನಿಮಿಷದಲ್ಲಿ ಹಾಕಿದ ಪೀಠಿಕೆ ಎಂಟನೇ ನಿಮಿಷದಲ್ಲೂ ಕೆಲಸ ಮಾಡುತ್ತಿರುತ್ತದೆ.

ಇಲ್ಲಿ ಒಂದು ಸ್ಕಿಟ್ಟನ್ನು ಬುಡದಿಂದ ಕಟ್ಟುತ್ತಾ ಹೋಗೋಣ. ವಿಷಯ ಹಾಜರಿ. ನಾಲ್ಕು ಪಾತ್ರ, ಎರಡು ಜಾಗ, ಒಂದು ರಿಜಿಸ್ಟರ್.

ಮೊದಲು ಒಂದೇ ವಾಕ್ಯ

ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಸಂಭಾಷಣೆಯಲ್ಲ, ಈ ಥರದ ಒಂದು ವಾಕ್ಯ: "ದಿನಾ ಕ್ಲಾಸಿಗೆ ಬಂದು ಗೆಳೆಯನಿಗೆ ಪ್ರಾಕ್ಸಿ ಹೇಳಿದವನಿಗೇ ಅಟೆಂಡೆನ್ಸ್ ಶಾರ್ಟೇಜ್, ಕ್ಲಾಸಿಗೆ ಬಾರದ ಗೆಳೆಯನಿಗೆ ನೂರಕ್ಕೆ ನೂರು."

ಈ ವಾಕ್ಯವನ್ನು ನಾಟಕದ ಗಂಧವಿಲ್ಲದ ಗೆಳೆಯನೊಬ್ಬನಿಗೆ ಹೇಳಿ ನೋಡಿ. ಅವನು "ಅದು ಹೇಗೆ?" ಎಂದು ಕೇಳಿದರೆ ಸ್ಕಿಟ್ ಬರೆಯಬಹುದು. ಆ ಪ್ರಶ್ನೆಗೆ ಉತ್ತರ ಕೊಡುವುದೇ ಮೊದಲ ದೃಶ್ಯ. "ಓ, ಹೌದಾ" ಎಂದು ಸುಮ್ಮನಾದರೆ ವಾಕ್ಯದಲ್ಲಿ ವಿರೋಧ ಸಾಲದು. "ಹಾಸ್ಟೆಲ್ ಊಟದ ಬಗ್ಗೆ ಸ್ಕಿಟ್" ಎಂಬುದು ಬರೀ ವಿಷಯ, ಅದರೊಳಗೆ ಏನೂ ತಿರುಗುಮುರುಗಾಗಿಲ್ಲ.

ನಮ್ಮ ವಾಕ್ಯದಲ್ಲಿ ಒಂದು ತೂತಿದೆ. ಪ್ರಾಕ್ಸಿ ಹೇಳುವವನು ತನ್ನ ನಂಬರಿಗೂ ಒಂದು "ಎಸ್ ಸಾರ್" ಹೇಳಿದ್ದರೆ ಮುಗಿಯಿತಲ್ಲ? ಸಭೆಯಲ್ಲಿ ಕೂತ ಪ್ರತಿಯೊಬ್ಬನೂ ಪ್ರಾಕ್ಸಿ ಹೇಳಿದವನೇ, ಅವನಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಬಂದ ಮೇಲೆ ನಗುವುದಿಲ್ಲ, ಯೋಚಿಸುತ್ತಾ ಕೂರುತ್ತಾನೆ. ಈ ತೂತನ್ನು ಮಾತಿನಿಂದ ಮುಚ್ಚಲು ಹೋದರೆ ಅರ್ಧ ಪುಟ ವಿವರಣೆ ಬೇಕು. ದೇಹದಿಂದ ಮುಚ್ಚಿದರೆ ಹತ್ತು ಸೆಕೆಂಡು ಸಾಕು, ಮೇಲೆ ನಗೆಯೂ ಬರುತ್ತದೆ. ಇಬ್ಬರ ನಂಬರೂ ಅಕ್ಕಪಕ್ಕ: ಲೋಕೇಶ 41, ಮಂಜು 42. ಮಂಜು ಬೆಂಚಿನ ಕೆಳಗೆ ಬಗ್ಗಿ ದಪ್ಪ ದನಿಯಲ್ಲಿ ಲೋಕೇಶನ ಪರವಾಗಿ "ಎಸ್ ಸಾರ್" ಅನ್ನುತ್ತಾನೆ. ಅವನು ಎದ್ದು ಬಾಯಿ ತೆರೆಯುವಷ್ಟರಲ್ಲಿ ಲೆಕ್ಚರರ್ 43ಕ್ಕೆ ಹೋಗಿರುತ್ತಾರೆ. ಇಡೀ ಸ್ಕಿಟ್ ನಿಂತಿರುವುದು ಈ ಏಳುವ ಹೊತ್ತಿನ ಮೇಲೆ.

ಹೆಸರುಗಳ ಬಗ್ಗೆ ಒಂದು ಮಾತು. ಗಿರೀಶ, ಗಣೇಶ ಎಂದು ಒಂದೇ ಅಕ್ಷರದ ಜೋಡಿ ಇಡಬೇಡಿ, ಹಿಂದಿನ ಸಾಲಿಗೆ ಎರಡೂ ಒಂದೇ ಥರ ಕೇಳುತ್ತವೆ. ಲೋಕೇಶ, ಮಂಜು ಎಂಬಲ್ಲಿ ಮೊದಲಕ್ಷರವೂ ಬೇರೆ, ಉದ್ದವೂ ಬೇರೆ. ನಿಮ್ಮ ಕಾಲೇಜಿನಲ್ಲೇ ಇರುವ ಲೆಕ್ಚರರ ಹೆಸರಂತೂ ಬೇಡ. ಹಾಗೆ ಮಾಡಿದರೆ ಸಭೆ ಸ್ಕಿಟ್ ನೋಡುವುದನ್ನು ಬಿಟ್ಟು ಆ ಮೇಷ್ಟ್ರು ಕೂತ ಕಡೆ ತಿರುಗುತ್ತದೆ.

ಕೊನೆಯಿಂದ ಹಿಂದಕ್ಕೆ

ಎರಡನೆಯ ಕೆಲಸ ಕೊನೆಯ ಸಾಲನ್ನು ಗೊತ್ತುಮಾಡಿಕೊಳ್ಳುವುದು. ಕೊನೆ ಗೊತ್ತಿಲ್ಲದೆ ಆರು ಪುಟ ಬರೆದವರು ಕಡೆಗೆ ಎಲ್ಲರನ್ನೂ ಕುಣಿಸಿ ಮುಗಿಸುತ್ತಾರೆ.

ನಮ್ಮ ಕೊನೆ ಹೀಗೆ. ಸ್ಟಾಫ್ ರೂಮಿನಲ್ಲಿ ಲೆಕ್ಚರರ್ ಮತ್ತೆ ಹಾಜರಿ ಕರೆಯುತ್ತಾರೆ. 41ಕ್ಕೆ ಮಂಜು ಅಭ್ಯಾಸಬಲದಿಂದ ಬಗ್ಗಿ ದಪ್ಪ ದನಿಯಲ್ಲಿ "ಎಸ್ ಸಾರ್" ಅಂದುಬಿಡುತ್ತಾನೆ. 42ಕ್ಕೆ ಋಣ ತೀರಿಸಲು ಲೋಕೇಶ ಬಗ್ಗುತ್ತಾನೆ, ತಡವಾಗುತ್ತದೆ. 43 ಎಂದಾಗ, ಅಷ್ಟೂ ಹೊತ್ತು ಟೀ ತಟ್ಟೆ ಹಿಡಿದು ನಿಂತಿದ್ದ ಅಟೆಂಡರ್ ಎತ್ತಲೋ ನೋಡುತ್ತಾ "ಎಸ್ ಸಾರ್" ಅನ್ನುತ್ತಾನೆ. ಲೈಟ್ ಆಫ್.

ಈ ಕೊನೆ ನಗಿಸಬೇಕಾದರೆ ಮೊದಲ ದೃಶ್ಯದಲ್ಲಿ ಮೂರು ಸಂಗತಿ ಬಿತ್ತಿರಬೇಕು: ಲೆಕ್ಚರರು ತಲೆ ಎತ್ತದೆ ಒಂದೇ ವೇಗದಲ್ಲಿ ನಂಬರು ಕರೆಯುವುದು, ಮಂಜು ಬಗ್ಗುವುದು, 43ರ "ಎಸ್ ಸಾರ್" ಎಲ್ಲಿಂದಲೋ ಬರುವುದು. ಮೂರನೆಯದು ಬಹಳ ನಾಜೂಕಿನದು. ಮೊದಲ ದೃಶ್ಯದಲ್ಲಿ ಅಟೆಂಡರ್ ನೋಟಿಸ್ ಪುಸ್ತಕ ಹಿಡಿದು ಸಹಿಗಾಗಿ ಬಾಗಿಲ ಬಳಿ ಸಭೆಗೆ ಬೆನ್ನು ಹಾಕಿ ನಿಂತಿರಲಿ. 43 ಎಂದಾಗ ಎಲ್ಲರ ಕಣ್ಣೂ ಎದ್ದೇಳಲು ಒದ್ದಾಡುತ್ತಿರುವ ಮಂಜುವಿನ ಮೇಲಿರುತ್ತದೆ. ದನಿ ಅಟೆಂಡರ್ ಕಡೆಯಿಂದಲೇ ಬರುತ್ತದೆ, ಆದರೆ ಅದು ಹಿಂದಿನ ಬೆಂಚಿನ ಯಾವನೋ ಹುಡುಗನದು ಎಂದು ಸಭೆ ಅಂದುಕೊಳ್ಳುತ್ತದೆ. ಅಲ್ಲಿ ಅಟೆಂಡರ್ ಪಾತ್ರಧಾರಿ ಭುಜ ಅಲುಗಿಸಿದರೂ ಕೊನೆಯ ನಗೆ ಆಗಲೇ ಕರಗಿತು.

ಬೀಟ್ ಬರೆಯುವ ರೀತಿ

ಬೀಟ್ ಎಂದರೆ ಮಾತಿನ ನಡುವೆ ನಟ ತಡೆಯುವ ಹೊತ್ತು. "ಸ್ವಲ್ಪ ತಡೆದು" ಎಂದು ಬರೆದರೆ ಒಬ್ಬೊಬ್ಬ ನಟ ಒಂದೊಂದು ಥರ ತಡೆಯುತ್ತಾನೆ. ಎಣಿಕೆ ಬರೆಯಿರಿ. [1] ಎಂದರೆ ಮನಸ್ಸಿನಲ್ಲಿ "ಒಂದು" ಎಂದು ನಿಧಾನವಾಗಿ ಹೇಳುವಷ್ಟು ಹೊತ್ತು, ಹೆಚ್ಚುಕಡಿಮೆ ಒಂದು ಸೆಕೆಂಡು. [2], [3] ಅದರ ದುಪ್ಪಟ್ಟು, ಮುಪ್ಪಟ್ಟು. ಮೂರಕ್ಕಿಂತ ಉದ್ದದ ಮೌನವನ್ನು ಖಾಲಿ ಬಿಡಬಾರದು. ಕನ್ನಡಕ ಒರೆಸುವುದೋ, ಪುಟ ತಿರುಗಿಸುವುದೋ, ಕಣ್ಣಿಗೆ ಕಾಣುವ ಒಂದು ಕೆಲಸ ಅಲ್ಲಿರಬೇಕು. ಇಲ್ಲದಿದ್ದರೆ ನಟನಿಗೆ ಮಾತು ಮರೆತಿದೆ ಎಂದು ಸಭೆ ತಿಳಿಯುತ್ತದೆ, ಹಿಂದಿನ ಸಾಲಿನಿಂದ ಶಿಳ್ಳೆ ಬೀಳುತ್ತದೆ.

ಚಲನೆಯನ್ನು ಮಾತಿನ ನಡುವೆ ತುರುಕಬೇಡಿ, ಅದಕ್ಕೆ ಬೇರೆಯೇ ಸಾಲು ಕೊಡಿ. ದಿಕ್ಕು ಹೇಳುವಾಗ ಎಡ, ಬಲ ಎಂದರೆ ಯಾರ ಎಡ ಎಂದು ಮೊದಲ ಪುಟದಲ್ಲೇ ಗೊತ್ತುಮಾಡಿ. ಸಭೆಗೆ ಮುಖ ಮಾಡಿ ನಿಂತ ನಟನ ಎಡವನ್ನೇ ಎಡ ಎನ್ನುವುದು ರೂಢಿ.

ಮೊದಲ ದೃಶ್ಯ ಕಾಗದದ ಮೇಲೆ ಹೀಗೆ ಕಾಣಬೇಕು:

(ಬಲಕ್ಕೆ ಲೆಕ್ಚರರ ಮೇಜು. ಎಡಕ್ಕೆ ಒಂದು ಬೆಂಚು, ಸಭೆಯ ಕಡೆಗೆ ಓರೆಯಾಗಿ. ಮಂಜು ಕೂತಿದ್ದಾನೆ, ಫೋನ್ ಕಿವಿಯಲ್ಲಿದೆ.)

ಲೋಕೇಶನ ದನಿ (ತೆರೆಮರೆಯಿಂದ, ಕೀಚಲು): ಮಗಾ, ಇವತ್ತೊಂದಿನ ಹೇಳ್ಬಿಡೋ.

ಮಂಜು: ನಿನ್ನೆನೂ ಇದನ್ನೇ ಅಂದೆ.

ಲೋಕೇಶನ ದನಿ: ನಿನ್ನೆ ಬೇರೆ ದಿನ ಕಣೋ.

(ಲೆಕ್ಚರರ್ ಬಲದಿಂದ ಬರುತ್ತಾರೆ. ಮಂಜು ಫೋನ್ ಇಡುತ್ತಾನೆ. ಹಿಂದೆಯೇ ಅಟೆಂಡರ್, ಬಾಗಿಲ ಬಳಿ ಬೆನ್ನು ಹಾಕಿ ನಿಲ್ಲುತ್ತಾನೆ. ಲೆಕ್ಚರರ್ ರಿಜಿಸ್ಟರ್ ತೆರೆಯುತ್ತಾರೆ. ಇಲ್ಲಿಂದ ತಲೆ ಎತ್ತುವುದಿಲ್ಲ.)

ಲೆಕ್ಚರರ್: ಫಾರ್ಟಿ.

ತೆರೆಮರೆ: ಎಸ್ ಸಾರ್.

ಲೆಕ್ಚರರ್: ಫಾರ್ಟಿ ಒನ್.

(ಮಂಜು ಬೆಂಚಿನ ಕೆಳಗೆ ಮುಳುಗುತ್ತಾನೆ.)

ಮಂಜು (ದಪ್ಪ ದನಿ): ಎಸ್ ಸಾರ್.

ಲೆಕ್ಚರರ್: ಫಾರ್ಟಿ ಟೂ.

(ಮಂಜು ಏಳಲು ಶುರುಮಾಡುತ್ತಾನೆ. [2] ನೆಟ್ಟಗಾಗಿ, ಬಾಯಿ ತೆರೆದು—)

ಲೆಕ್ಚರರ್: ಫಾರ್ಟಿ ತ್ರೀ.

ದನಿ: ಎಸ್ ಸಾರ್.

(ಮಂಜುವಿನ ಬಾಯಿ ತೆರೆದೇ ಇದೆ. [1] ಮುಚ್ಚುತ್ತಾನೆ.)

ಇದೇ ಆಟ ಮೂರು ದಿನ ನಡೆಯುತ್ತದೆ. ದಿನ ಬದಲಾಯಿತು ಎಂದು ತೋರಿಸಲು ಲೆಕ್ಚರರ್ ರಿಜಿಸ್ಟರ್ ಪಟ್ಟನೆ ಮುಚ್ಚಿ ಮತ್ತೆ ತೆರೆದರೆ ಸಾಕು, ಲೈಟ್ ಆರಿಸುವುದು ಬೇಡ. ಎರಡನೆಯ ದಿನ ಮಂಜು ಬೇಗ ಏಳಲು ಹೋಗಿ ಬೆಂಚಿನ ಹಲಗೆಗೆ ತಲೆ ಬಡಿಸಿಕೊಳ್ಳುತ್ತಾನೆ, ಮತ್ತೆ ತಡ. ಮೂರನೆಯ ದಿನ ಬಗ್ಗುವುದನ್ನೇ ಬಿಡುತ್ತಾನೆ. 41ಕ್ಕೆ ಕೂತಲ್ಲೇ ಬಾಯಿಗೆ ಕೈ ಅಡ್ಡ ಹಿಡಿದು ದಪ್ಪ ದನಿ, 42ಕ್ಕೆ ತಕ್ಷಣ ಉತ್ತರ. ಆದರೆ ಆತುರದಲ್ಲಿ ಅದೂ ದಪ್ಪ ದನಿಯಲ್ಲೇ ಹೊರಡುತ್ತದೆ.

ಲೆಕ್ಚರರ್ (ತಲೆ ಎತ್ತದೆ): ಲೋಕೇಶ. [1] ಒಂದ್ಸಲ ಹೇಳಿದ್ರೆ ಸಾಕು.

ಎರಡು ಸಲ ಒಂದು ರೂಢಿ ಕಟ್ಟಿ, ಮೂರನೆಯ ಸಲ ಅದನ್ನು ಮುರಿಯುವುದು ಹಾಸ್ಯದ ಹಳೆಯ ಲೆಕ್ಕ. ನಾಲ್ಕನೆಯ ದಿನ ಸೇರಿಸುವ ಆಸೆ ರಿಹರ್ಸಲ್‌ನಲ್ಲಿ ಖಂಡಿತ ಬರುತ್ತದೆ, ಏಕೆಂದರೆ ಬಗ್ಗಿ ಏಳುವುದು ಆಡುವವರಿಗೆ ಖುಷಿ. ಸೇರಿಸಬೇಡಿ. ಮೂರನೆಯದಕ್ಕೆ ಸಭೆ ನಕ್ಕಿತೆಂದರೆ ತೂತು ಮುಚ್ಚಿತು ಎಂದರ್ಥ. ಮಂಜು ತನ್ನ ಹಾಜರಿ ಏಕೆ ಹೇಳಲಾರ ಎಂಬುದನ್ನು ಇನ್ನು ಯಾರೂ ಕೇಳುವುದಿಲ್ಲ.

ನಂಬರು ಕರೆಯುವ ಲಯ

ಲೆಕ್ಚರರ ಪಾತ್ರಧಾರಿಗೆ ಇಲ್ಲಿ ಅಭಿನಯಕ್ಕಿಂತ ತಾಳ ಮುಖ್ಯ. ಒಂದು ನಂಬರಿನಿಂದ ಇನ್ನೊಂದಕ್ಕೆ ಎರಡು ಎಣಿಕೆ. ಫೋನಿನಲ್ಲಿ ಮೆಟ್ರೊನೋಮ್ ಆ್ಯಪನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಮೊದಲ ಎರಡು ರಿಹರ್ಸಲ್ ಮಾಡಿ. ಮಂಜು 42ರ ಕೂಗಿಗೆ ಏಳಲು ಶುರುಮಾಡಿ, ಎರಡು ಎಣಿಕೆ ತುಂಬುವ ಹೊತ್ತಿಗೆ ಸರಿಯಾಗಿ ಬಾಯಿ ತೆರೆಯಬೇಕು. ಲೆಕ್ಚರರ್ ಆತುರಪಟ್ಟರೆ ಮಂಜು ಇನ್ನೂ ಬೆಂಚಿನ ಕೆಳಗಿರುತ್ತಾನೆ, ಸಭೆಗೆ "ಅಯ್ಯೋ, ಇನ್ನೇನು ಹೇಳಿಬಿಡುತ್ತಿದ್ದ" ಅನ್ನಿಸುವುದಿಲ್ಲ. ನಿಧಾನ ಮಾಡಿದರೆ ಮಂಜು ಬಾಯಿ ತೆರೆದು ಸುಮ್ಮನೆ ಕಾಯಬೇಕಾಗುತ್ತದೆ, ಹೇಳಬಹುದಾಗಿದ್ದರೂ ಹೇಳಲಿಲ್ಲ ಎಂದು ಎಲ್ಲರಿಗೂ ಕಾಣುತ್ತದೆ.

ನಿಜವಾದ ಸಭೆ ಬಂದಾಗ ಹೊಸ ತೊಡಕು. ಬೆಂಚಿನ ಕೆಳಗಿಂದ ದಪ್ಪ ದನಿ ಬಂದ ಕೂಡಲೇ ಜನ ನಗುತ್ತಾರೆ, ಆ ಗದ್ದಲದಲ್ಲಿ "ಫಾರ್ಟಿ ಟೂ" ಮುಳುಗಿಹೋಗುತ್ತದೆ. ಅದು ಕೇಳಿಸದಿದ್ದರೆ ಮಂಜು ಏಕೆ ಒದ್ದಾಡುತ್ತಿದ್ದಾನೆ ಎಂಬುದೇ ತಿಳಿಯದು. ಆದ್ದರಿಂದ ಲೆಕ್ಚರರ್ 41ರ ಮುಂದೆ ಗುರುತು ಹಾಕುವ ಕೆಲಸವನ್ನು ನಗೆ ಇರುವಷ್ಟು ಹೊತ್ತು ಎಳೆಯಲಿ: ಪೆನ್ನಿನ ಕ್ಯಾಪ್ ತೆಗೆ, ಬರೆ, ಶಾಯಿ ಒಣಗಲು ಊದು. ಮಂಜು ಕೆಳಗೇ ಇರಲಿ. ನಗೆ ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. ಏರಿದ ಸದ್ದು ಇಳಿಯತೊಡಗಿ, ಅಲ್ಲೊಬ್ಬ ಇಲ್ಲೊಬ್ಬರ ನಗು ಬಿಡಿಬಿಡಿಯಾಗಿ ಕೇಳುವಾಗ 42 ಕರೆಯಬೇಕು. ಮಂಜು ಏಳಲು ಸೂಚನೆ ಆ ಪದ, ಗಡಿಯಾರವಲ್ಲ. ಹೀಗೆ ಬರೆದುಕೊಂಡರೆ ನಗೆ ಎರಡು ಸೆಕೆಂಡು ಬರಲಿ, ಹತ್ತು ಸೆಕೆಂಡು ಬರಲಿ, ಆಟ ಕೆಡುವುದಿಲ್ಲ.

ತಲೆ ಬಡಿಯುವ ಸದ್ದು

ತಲೆ ನಿಜವಾಗಿ ಬಡಿಯಬಾರದು. ಮಂಜುವಿನ ತಲೆ ಹಲಗೆಗೆ ನಾಲ್ಕು ಬೆರಳು ದೂರದಲ್ಲಿ ನಿಲ್ಲಬೇಕು. ಅದೇ ಕ್ಷಣ ಸಭೆಗೆ ಕಾಣದ ಕೈ ಮುಷ್ಟಿಮಾಡಿ ಹಲಗೆಯ ಅಡಿಗೆ ಗುದ್ದುತ್ತದೆ. ಸದ್ದು ಬಂದ ಮೇಲೆ ತಲೆ ತುಸು ಕೆಳಗೆ ಹೋಗಬೇಕು, ಆಮೇಲೆ [1], ಆಮೇಲೆ ಮುಖದಲ್ಲಿ ನೋವು. ಸದ್ದು, ಮೌನ, ಮುಖ ಎಂಬ ಈ ಅನುಕ್ರಮ ಮುಖ್ಯ. ಸದ್ದಿಗೆ ಮೊದಲೇ ಮುಖ ಹಿಂಡಿದರೆ ನಟನೆ ಬಯಲಾಗುತ್ತದೆ. ಗುದ್ದುವ ಕೈ ಕಾಣುತ್ತಿದೆಯೇ ಎಂದು ನೋಡಲು ಒಬ್ಬರು ಸಭಾಂಗಣದ ಎರಡೂ ತುದಿಯ ಕುರ್ಚಿಗಳಲ್ಲಿ ಕೂತು ನೋಡಬೇಕು. ಬೆಂಚನ್ನು ಓರೆಯಾಗಿ ಇಟ್ಟದ್ದು ಮಂಜುವಿನ ಮುಖ ಕೆಳಗಿದ್ದಾಗಲೂ ಕಾಣಲಿ ಎಂದು. ನೆಟ್ಟಗಿಟ್ಟರೆ ಮುಂದಿನ ಹಲಗೆ ಅವನನ್ನು ನುಂಗಿಬಿಡುತ್ತದೆ.

ಮೈಕಿನ ವಿಚಾರ ಸ್ಕ್ರಿಪ್ಟ್‌ನಲ್ಲೇ ಬರೆದಿಡಿ. ವೇದಿಕೆಯ ಮುಂದೆ ಎರಡು ಸ್ಟ್ಯಾಂಡ್ ಮೈಕ್ ಮಾತ್ರ ಸಿಗುವ ಕಡೆ, ಬೆಂಚಿನ ಕೆಳಗಿನ ದನಿ ಎರಡನೇ ಸಾಲಿಗೂ ತಲುಪುವುದಿಲ್ಲ. ಒಂದು ಕಾರ್ಡ್‌ಲೆಸ್ ಮೈಕನ್ನು ಹಲಗೆಯ ಅಡಿಗೆ ಟೇಪಿನಿಂದ ಅಂಟಿಸಿ. ಆದರೆ ಗುದ್ದುವ ಜಾಗದಿಂದ ಮೊಳದಷ್ಟು ದೂರವಿರಲಿ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಪಟಾಕಿ ಸಿಡಿದಂತಾಗುತ್ತದೆ.

ಪಂಚ್ ಪದ ಸಾಲಿನ ತುದಿಯಲ್ಲಿ

ಎರಡನೆಯ ದೃಶ್ಯ ಸ್ಟಾಫ್ ರೂಮು. ಇಲ್ಲಿ ಮಾತೇ ನಗಿಸಬೇಕು, ಆದ್ದರಿಂದ ಕನ್ನಡ ವಾಕ್ಯದ ಸ್ವಭಾವವನ್ನು ಸರಿಯಾಗಿ ನೋಡಬೇಕು.

ಅಚ್ಚರಿ ಹುಟ್ಟಿಸುವ ಪದ ಬಾಯಿಂದ ಹೊರಟ ಕೂಡಲೇ ಜನ ನಗುತ್ತಾರೆ. ಅದರ ಹಿಂದೆ ಇನ್ನೂ ನಾಲ್ಕು ಪದ ಬಾಕಿ ಇದ್ದರೆ ನಗುವವರು ಮುಂದಿನದನ್ನು ಕೇಳಲು ತಮ್ಮನ್ನು ತಾವೇ ತಡೆದುಕೊಳ್ಳುತ್ತಾರೆ. ತಡೆದ ನಗೆ ಮತ್ತೆ ಬರುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪಂಚ್ ಪದ ತಾನಾಗಿಯೇ ನಡುವೆ ಸಿಕ್ಕಿಕೊಳ್ಳುತ್ತದೆ. ಉದಾಹರಣೆಗೆ:

"ಎಂಬತ್ತು ಕ್ಲಾಸಲ್ಲಿ ನೀನು ಎರಡೇ ಕ್ಲಾಸಿಗೆ ಬಂದಿದೀಯ ಅಂತ ಇದರಲ್ಲಿದೆ ಕಣಯ್ಯಾ."

"ಎರಡೇ" ಎಂಬುದರ ಹಿಂದೆ ಐದು ಪದಗಳ ಬಾಲ. ದಾರಿ ಸುಲಭ: ಬಂದಿರೋದು, ಕೂತಿದ್ದು, ಹೇಳಿದ್ದು ಎಂದು ಕ್ರಿಯೆಯನ್ನೇ ನಾಮಪದದಂತೆ ಮಾಡಿ ಮುಂದೆ ತನ್ನಿ. ಆಗ ಬೇಕಾದ ಪದ ಕೊನೆಯಲ್ಲಿ ಒಂಟಿಯಾಗಿ ನಿಲ್ಲುತ್ತದೆ. "ನೀನು ಬಂದಿರೋದು ಎರಡು." ನಾವು ಜಗಳದಲ್ಲಿ, ಚೌಕಾಸಿಯಲ್ಲಿ ಹೀಗೆಯೇ ಮಾತಾಡುತ್ತೇವೆ, ಆದ್ದರಿಂದ ಕೃತಕ ಅನ್ನಿಸುವುದಿಲ್ಲ.

ಇನ್ನೊಂದು ಕಳ್ಳ ಬಾಲ "ಸಾರ್", "ಕಣೋ", "ಅಲ್ವಾ", "ಮಾರಾಯ". ಮಾತಿನ ರುಚಿ ಇವುಗಳಲ್ಲೇ ಇದೆ, ತೆಗೆದುಹಾಕಬೇಡಿ. ಪಂಚ್ ಇರುವ ಸಾಲಿನಲ್ಲಿ ಮಾತ್ರ ಮುಂದಕ್ಕೆ ಸರಿಸಿ. "ಅವತ್ತು ಬಂದಿದ್ದು ಲೋಕೇಶ ಸಾರ್" ಅನ್ನುವುದಕ್ಕಿಂತ "ಸಾರ್, ಅವತ್ತು ಬಂದಿದ್ದು ಲೋಕೇಶ" ಹರಿತ. ನಟರು ರಿಹರ್ಸಲ್‌ನಲ್ಲಿ ತಮಗೇ ಗೊತ್ತಿಲ್ಲದಂತೆ "ಸಾರ್" ಅನ್ನು ಮತ್ತೆ ಬಾಲಕ್ಕೆ ಅಂಟಿಸುತ್ತಾರೆ. ಸ್ಕ್ರಿಪ್ಟ್ ಹಿಡಿದು ಕೂತವರ ಕೆಲಸ ಅದನ್ನು ಹಿಡಿಯುವುದೇ.

ಈಗ ದೃಶ್ಯದ ನಡುಭಾಗ:

ಲೆಕ್ಚರರ್: ಫಾರ್ಟಿ ಟೂ. ಒಟ್ಟು ಕ್ಲಾಸು ಎಂಬತ್ತು. ಹಾಲ್ ಟಿಕೆಟ್‌ಗೆ ಬೇಕಾಗಿರೋದು ಅರವತ್ತು. ನೀನು ಬಂದಿರೋದು

(ಬೆರಳು ಸಾಲಿನುದ್ದಕ್ಕೂ ಜಾರುತ್ತಾ ಹೋಗಿ ಪುಟದ ಅಂಚು ತಲುಪುತ್ತದೆ. [2] ವಾಪಸ್ ಬರುತ್ತದೆ. [1])

ಲೆಕ್ಚರರ್: ಎರಡು.

ಮಂಜು: ಸಾರ್, ನಾನು ದಿನಾ ಬರ್ತಿದ್ದೆ. ಫಸ್ಟ್ ಬೆಂಚು.

ಲೆಕ್ಚರರ್: ಫಸ್ಟ್ ಬೆಂಚಲ್ಲಿ ಕೂರ್ತಿದ್ದಿದ್ದು ಲೋಕೇಶ.

ಮಂಜು: ಸಾರ್, ಒಂದ್ಸಲ ನನ್ನ ಮುಖ ನೋಡಿ.

(ಲೆಕ್ಚರರ್ ಮೊದಲ ಬಾರಿಗೆ ತಲೆ ಎತ್ತುತ್ತಾರೆ. [2] ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡುತ್ತಾರೆ. [1])

ಲೆಕ್ಚರರ್: ಹೊಸಾ ಅಡ್ಮಿಷನ್ನಾ?

(ನಗೆ ಇಳಿಯಲಿ.)

ಮಂಜು: ಸಾರ್, ಸತ್ಯ ಹೇಳ್ತೀನಿ. ಆ ಎರಡು ದಿನ ನನ್ನ ಹಾಜರಿ ಬಿದ್ದಿದ್ದು ಯಾಕೆ ಗೊತ್ತಾ? ಆ ಎರಡು ದಿನ ಕ್ಲಾಸಿಗೆ ಬಂದಿದ್ದು [1] ಲೋಕೇಶ.

ಲೆಕ್ಚರರ್: ಗೊತ್ತು. (ಮರುಕದಿಂದ) ಆ ಎರಡು ದಿನ ಪಾಪ ಅವನಿಗೆ [1] ಗಂಟಲು ಕಟ್ಟಿತ್ತು.

ಈ ಕೊನೆಯ ಸಾಲು ನಗಿಸುವುದು ಆರಂಭದ ಫೋನ್ ಮಾತಿನಿಂದ. ಲೋಕೇಶನ ನಿಜವಾದ ದನಿ ಕೀಚಲು ಎಂದು ಸಭೆಗೆ ಆಗಲೇ ಗೊತ್ತು. ಲೆಕ್ಚರರು ದಪ್ಪ ದನಿಯನ್ನೇ ಲೋಕೇಶ ಎಂದು ನಂಬಿದ್ದಾರೆ. ಎರಡನ್ನೂ ಜೋಡಿಸುವ ಕೆಲಸ ಸಭೆಗೇ ಬಿಡಬೇಕು. "ಅಂದರೆ ಅವನ ದನಿ ಅವತ್ತು ಬೇರೆ ಥರ ಇತ್ತು" ಎಂದು ಲೆಕ್ಚರರ್ ಬಾಯಲ್ಲಿ ವಿವರಿಸಿದರೆ ನಗೆ ಅಲ್ಲೇ ಸತ್ತಿತು.

ಲೆಕ್ಚರರನ್ನು ಪೆದ್ದನಂತೆ ಆಡಬಾರದು. ಅವರು ಪ್ರಾಮಾಣಿಕ, ಲೆಕ್ಕ ಪಕ್ಕಾ, ಹುಡುಗರ ಮೇಲೆ ಅಕ್ಕರೆಯೂ ಇದೆ. ಒಂದೇ ಕೊರತೆ ಎಂದರೆ ಕಣ್ಣಿಗಿಂತ ರಿಜಿಸ್ಟರನ್ನು ಹೆಚ್ಚು ನಂಬುತ್ತಾರೆ. ಪಾತ್ರಧಾರಿ ಪೆದ್ದುತನ ಸೇರಿಸಿದರೆ ಅವರ ಮಾತುಗಳಿಗೆಲ್ಲ "ಪೆದ್ದ, ಅದಕ್ಕೇ ಹಾಗಂದ" ಎಂಬ ಸುಲಭದ ಕಾರಣ ಸಿಕ್ಕಿಬಿಡುತ್ತದೆ. ಆಗ ಮಂಜುವಿನ ಕಷ್ಟಕ್ಕೆ ತೂಕವೇ ಉಳಿಯುವುದಿಲ್ಲ.

ಮೂರನೆಯ ದೃಶ್ಯ ಮತ್ತು ಕೊನೆ

ನಿಜವಾದ ಲೋಕೇಶ ಬರುತ್ತಾನೆ. ಅವನ ಮೊದಲ ಮಾತೇ ಅವನು ಕಾಲೇಜಿಗೆ ಎಷ್ಟು ಹೊಸಬ ಎಂದು ಹೇಳಬೇಕು: "ಸಾರ್, ಬಿ.ಕಾಂ. ಸ್ಟಾಫ್ ರೂಮ್ ಎಲ್ಲಿ?" ಲೆಕ್ಚರರ್ ಬೆರಳಿನಿಂದ ತಾವು ಕೂತ ಜಾಗವನ್ನೇ ತೋರಿಸುತ್ತಾರೆ. ಮಾತು ಬೇಡ. ಅಟೆಂಡರ್ ಟೀ ತರುತ್ತಾನೆ, ಮೇಜಿನ ಮೇಲೆ ಜಾಗವಿಲ್ಲದೆ ತಟ್ಟೆ ಹಿಡಿದೇ ನಿಲ್ಲುತ್ತಾನೆ. ಅವನು ನಿಲ್ಲಲು ಒಂದು ಕಾರಣ ಬೇಕು, ಇಲ್ಲದಿದ್ದರೆ ಸಭೆ ಅವನನ್ನು ಅನುಮಾನದಿಂದ ನೋಡುತ್ತದೆ.

ಇಬ್ಬರೂ "ನಾನು ನಾನೇ" ಎಂದು ವಾದಿಸುತ್ತಾರೆ. ಲೆಕ್ಚರರ್ ನ್ಯಾಯ ತೀರ್ಮಾನಕ್ಕೆ ರಿಜಿಸ್ಟರ್ ತೆರೆದು ತಲೆ ತಗ್ಗಿಸುತ್ತಾರೆ. ಇಲ್ಲಿಂದ ಮೊದಲ ದೃಶ್ಯದ ಅದೇ ಲಯ, ಒಂದು ಎಣಿಕೆಯೂ ಬದಲಾಗಬಾರದು.

ಲೆಕ್ಚರರ್: ಫಾರ್ಟಿ ಒನ್.

ಲೋಕೇಶ (ಕೀಚಲು): ಎಸ್ ಸಾರ್.

ಲೆಕ್ಚರರ್ (ತಲೆ ಎತ್ತದೆ): ಅಲ್ಲ. [1] ಫಾರ್ಟಿ ಒನ್.

(ಮಂಜು ತಡೆದುಕೊಳ್ಳುತ್ತಾನೆ. ಮಂಡಿ ತಾನಾಗಿ ಮಡಚುತ್ತದೆ. [2] ಮೇಜಿನ ಕೆಳಗೆ ಮುಳುಗುತ್ತಾನೆ.)

ಮಂಜು (ದಪ್ಪ ದನಿ): ಎಸ್ ಸಾರ್.

ಲೆಕ್ಚರರ್ (ಮುಖ ಅರಳಿ, ಹಾಲ್ ಟಿಕೆಟ್ ಮೇಜಿನ ಕೆಳಗೆ ಚಾಚುತ್ತಾ): ತಗೋಪ್ಪಾ ಲೋಕೇಶ. ಫಾರ್ಟಿ ಟೂ.

(ಲೋಕೇಶ ಮಂಜುವನ್ನು ನೋಡುತ್ತಾನೆ, ಎದೆ ಮುಟ್ಟಿಕೊಂಡು "ನಾನಿದೀನಿ" ಎಂದು ಸನ್ನೆ ಮಾಡಿ ಬಗ್ಗುತ್ತಾನೆ. ಅದೇ ಹೊತ್ತಿಗೆ ಮಂಜು ಏಳುತ್ತಾನೆ. [2] ಇಬ್ಬರ ಬಾಯೂ ತೆರೆದಿದೆ.)

ಲೆಕ್ಚರರ್: ಫಾರ್ಟಿ ತ್ರೀ.

(ಇಬ್ಬರೂ ನಿಂತಲ್ಲೇ ಕಲ್ಲಾಗುತ್ತಾರೆ. [1])

ಅಟೆಂಡರ್ (ಕಿಟಕಿಯ ಕಡೆ ನೋಡುತ್ತಾ): ಎಸ್ ಸಾರ್.

(ಮಂಜು, ಲೋಕೇಶ ಒಟ್ಟಿಗೆ ಅಟೆಂಡರ್ ಕಡೆ ತಿರುಗುತ್ತಾರೆ. ಲೈಟ್ ಆಫ್.)

ಕೊನೆಯ [1] ಇಡೀ ಸ್ಕಿಟ್‌ನಲ್ಲಿ ತೀರಾ ಮುಖ್ಯವಾದದ್ದು. ಆ ಒಂದು ಎಣಿಕೆಯಲ್ಲಿ ವೇದಿಕೆಯ ಮೇಲೆ ಯಾರೂ ಕಣ್ಣು ಸಹ ಹೊರಳಿಸಬಾರದು. ಯಾರಾದರೂ ಅಲುಗಿದರೆ ನೋಟ ಅತ್ತ ಹೋಗುತ್ತದೆ, ಅಟೆಂಡರ್ ಬಾಯಿ ತೆರೆದದ್ದು ಕಾಣದೆ ಹೋಗುತ್ತದೆ.

ಓದಿಸಿ ನೋಡುವುದು, ಕತ್ತರಿಸುವುದು

ಸ್ಕ್ರಿಪ್ಟ್ ಗೊತ್ತಿಲ್ಲದ ಐದಾರು ಜನರ ಮುಂದೆ ಕೂತು ಓದಿ. ಓದದ ಒಬ್ಬರು ಪ್ರತಿಯಲ್ಲಿ ಗುರುತು ಹಾಕುತ್ತಾ ಹೋಗಲಿ. ನಕ್ಕರೋ ಇಲ್ಲವೋ ಎಂಬುದಕ್ಕಿಂತ ಎಲ್ಲಿ ನಕ್ಕರು ಎಂಬುದು ಹೆಚ್ಚು ಹೇಳುತ್ತದೆ. ಪಂಚ್ ಬರುವ ಮೊದಲೇ ನಕ್ಕರೆ ಪೀಠಿಕೆಯಲ್ಲೇ ಗುಟ್ಟು ಬಿಟ್ಟುಕೊಟ್ಟಿದ್ದೀರಿ. ಉದಾಹರಣೆಗೆ "ಅರವತ್ತು ಬೇಕು, ನಿನ್ನದು ಬಹಳ ಕಡಿಮೆ" ಎಂದು ಮೊದಲೇ ಹೇಳಿ ಆಮೇಲೆ "ಎರಡು" ಅಂದರೆ ಅದರಲ್ಲಿ ಅಚ್ಚರಿ ಉಳಿದಿರುವುದಿಲ್ಲ. ತಡವಾಗಿ ನಕ್ಕರೆ ಪಂಚ್ ಪದದ ಹಿಂದೆ ಬಾಲ ಇದೆ. ಅರ್ಥವಾಗಿ ಮುಗುಳ್ನಕ್ಕು ಸುಮ್ಮನಾದರೆ ಮಾತು ಸರಿಯಿದೆ, ಆದರೆ ಪಾತ್ರಕ್ಕೆ ಅಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಅಂದರೆ, ಹಾಲ್ ಟಿಕೆಟ್ ಸಿಗದಿದ್ದರೆ ಮಂಜು ಪರೀಕ್ಷೆ ಬರೆಯಲಾರ ಎಂಬುದು ಒತ್ತಿ ಬಂದಿಲ್ಲ. "43 ಯಾರು?" ಎಂದು ಮೊದಲ ದೃಶ್ಯದಲ್ಲೇ ಯಾರಾದರೂ ಕೇಳಿದರೆ ಆ ದನಿಯನ್ನು ಇನ್ನಷ್ಟು ಸಾದಾ ಮಾಡಿ.

ಕತ್ತರಿಸುವಾಗ ಮೊದಲು ಹೋಗಬೇಕಾದದ್ದು ಬೇರೆ ಸ್ಕಿಟ್‌ನಲ್ಲೂ ಸಲ್ಲುವ ಜೋಕು. ಕ್ಯಾಂಟೀನ್ ಇಡ್ಲಿಯ ಬಗ್ಗೆ ಒಳ್ಳೆಯದೊಂದು ಸಾಲು ಹೊಳೆದಿರುತ್ತದೆ, ಎಲ್ಲರೂ ನಗುತ್ತಾರೆ ಕೂಡ. ಆದರೆ ಅದಕ್ಕೆ ನಕ್ಕ ಸಭೆಯನ್ನು ಹಾಜರಿಯ ಕಥೆಗೆ ಮರಳಿ ತರಲು ಇನ್ನೆರಡು ಸಾಲು ಖರ್ಚಾಗುತ್ತದೆ.

ಅವಧಿಯನ್ನು ಪುಟದ ಲೆಕ್ಕದಲ್ಲಿ ಅಳೆಯಬೇಡಿ. ಎದ್ದು ನಿಂತು, ಬಗ್ಗಿ, ಎದ್ದು, ಗಡಿಯಾರ ಹಿಡಿದು ಅಳೆಯಿರಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ಯುವಜನೋತ್ಸವಗಳಲ್ಲಿ ಸ್ಕಿಟ್‌ಗೆ ಹೆಚ್ಚೆಂದರೆ 6 ಜನ, 10 ನಿಮಿಷ. ಅಶ್ಲೀಲತೆಗೂ ವ್ಯಕ್ತಿನಿಂದೆಗೂ ಅವಕಾಶವಿಲ್ಲ. ಹಲವು ಅಂತರಕಾಲೇಜು ಸ್ಪರ್ಧೆಗಳೂ ಇದನ್ನೇ ಅನುಸರಿಸುತ್ತವೆ, ಆದರೂ ನಿಮ್ಮ ಸ್ಪರ್ಧೆಯ ನಿಯಮಪತ್ರ ಒಮ್ಮೆ ಓದಿ. 10 ನಿಮಿಷ ಸಿಕ್ಕರೆ ಖಾಲಿ ಹಾಲಿನ ರಿಹರ್ಸಲ್ 8 ನಿಮಿಷಕ್ಕೆ ಮುಗಿಯಬೇಕು: ಮೊದಲ ದೃಶ್ಯಕ್ಕೆ 2, ಎರಡನೆಯದಕ್ಕೆ 4, ಮೂರನೆಯದಕ್ಕೆ 2. ಉಳಿದ 2 ನಿಮಿಷ ನಗೆಗೆ. ಖಾಲಿ ಹಾಲಿನಲ್ಲೇ 10 ಆದ ಸ್ಕಿಟ್ ಸಭೆಯ ಮುಂದೆ ಗಂಟೆ ಬಾರಿಸಿಕೊಳ್ಳುತ್ತದೆ, ಅದೂ ಸರಿಯಾಗಿ 43ರ ಹತ್ತಿರ.

ಶಾಮಿಯಾನದಡಿ, ಹೊರಾಂಗಣದಲ್ಲಿ ಆಡುವುದಾದರೆ ನಗೆ ಒಂದೆಡೆ ಗಟ್ಟಿಯಾಗಿ ನಿಲ್ಲದೆ ಹಾರಿಹೋಗುತ್ತದೆ. ಅಲ್ಲಿ [2] ಇದ್ದದ್ದನ್ನು [1] ಮಾಡಿ, ಆದರೆ ನಂಬರು ಕರೆಯುವ ಲಯ ಮುಟ್ಟಬೇಡಿ. ಹೊರದೇಶದ ಕನ್ನಡ ಕೂಟದಲ್ಲಿ ಆಡುವವರು, ಅಲ್ಲೇ ಬೆಳೆದ ಮಕ್ಕಳಿಗೆ ಹಾಜರಿಗೂ ಪರೀಕ್ಷೆಗೂ ಇರುವ ನಂಟು ಗೊತ್ತಿರಲಿಕ್ಕಿಲ್ಲ ಎಂಬುದನ್ನು ನೆನಪಿಡಬೇಕು. ಫೋನ್ ಮಾತಿಗೆ "ಹಾಜರಿ ಕಮ್ಮಿಯಾದ್ರೆ ಪರೀಕ್ಷೆಗೆ ಕೂರಿಸಲ್ಲ ಮಗಾ" ಎಂಬ ಒಂದು ಸಾಲು ಸೇರಿಸಿದರೆ ಸಾಕು.

ಲೈಟ್ ಹಾಕುವವರು ನಿಮ್ಮ ತಂಡದವರಾಗಿರುವುದಿಲ್ಲ. ಅವರಿಗೆ ಇಡೀ ಸ್ಕ್ರಿಪ್ಟ್ ಕೊಟ್ಟರೆ ಓದುವುದಿಲ್ಲ. ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ: "ಕೊನೆಯಲ್ಲಿ ಅಟೆಂಡರ್ ‘ಎಸ್ ಸಾರ್’ ಅಂದ ಮೇಲೆ ಇಬ್ಬರು ಹುಡುಗರು ಅವನ ಕಡೆ ತಿರುಗುತ್ತಾರೆ, ತಿರುಗಿದ ಕೂಡಲೇ ಎಲ್ಲ ಲೈಟ್ ಆಫ್." ಲೈಟ್ ಆರಿಸುವ ಸೌಕರ್ಯವಿಲ್ಲದೆ ಪರದೆ ಮಾತ್ರ ಇದ್ದರೆ ಅದು ಮುಚ್ಚಲು ಏಳೆಂಟು ಸೆಕೆಂಡಾದರೂ ಹಿಡಿಯುತ್ತದೆ. ಅಷ್ಟೂ ಹೊತ್ತು ನಾಲ್ವರೂ ಇದ್ದ ಭಂಗಿಯಲ್ಲೇ ಅಲುಗದೆ ಇರಬೇಕು, ಅಟೆಂಡರ್ ಕಿಟಕಿ ನೋಡುತ್ತಲೇ ಇರಬೇಕು. ಅದಕ್ಕೇ ರಿಹರ್ಸಲ್‌ನಲ್ಲಿ ಟೀ ಲೋಟಗಳಿಗೆ ನೀರು ತುಂಬಿಸಿಯೇ ಅಭ್ಯಾಸ ಮಾಡಿ. ಖಾಲಿ ಲೋಟ ಹಿಡಿದು ಪಳಗಿದ ಕೈ, ತುಂಬಿದ ತಟ್ಟೆ ಸಿಕ್ಕ ದಿನ ನಡುಗುತ್ತದೆ.